ಕಂಪ್ಯೂಟರಿನಲ್ಲಿ ಒಡೆದ ಕೆರೆ ಏರಿ

ಬಯಲುಸೀಮೆಯ ಯಾವುದೋ ಊರಿನ ಕೆರೆ ಬೇಸಿಗೆಗೆ ಬತ್ತಿದೆ ಎಂದುಕೊಳ್ಳಿ. ಹೂಳು ತೆಗೆಸುವ ಮಾತು ನಡೆದಿದೆ. ಅದಕ್ಕೆ ಮೊದಲು ಕೆರೆ ಈಗ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ ಬೇಕು. ಸರ್ವೆಯವರು ಟೋಟಲ್ ಸ್ಟೇಷನ್ ಇಟ್ಟು, ಪ್ರಿಸಂ ಕೋಲು ಹಿಡಿದವರನ್ನು ಅಂಗಳದ ತುಂಬ ಓಡಾಡಿಸಿ, ಒಂದೊಂದು ಜಾಗದ ಮಟ್ಟವನ್ನೂ ಬರೆದುಕೊಳ್ಳುತ್ತಾರೆ. ಸಂಜೆಗೆ ಕೈಯಲ್ಲಿರುವುದು ಒಂದು ಪಟ್ಟಿ ಮಾತ್ರ. ಪ್ರತಿ ಬಿಂದುವಿಗೂ ಮೂರು ಸಂಖ್ಯೆ: ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಎತ್ತರ ಎಷ್ಟು. ಬಿಂದುಗಳ ನಡುವಿನ ನೆಲವನ್ನು ಯಾರೂ ಅಳೆದಿಲ್ಲ.

ಆ ಖಾಲಿ ಜಾಗವನ್ನು ತುಂಬಲು ಇರುವ ಸರಳ ದಾರಿಯೆಂದರೆ ಅಕ್ಕಪಕ್ಕದ ಮೂರು ಮೂರು ಬಿಂದುಗಳನ್ನು ಸೇರಿಸಿ ತ್ರಿಕೋನಗಳನ್ನು ಮಾಡುವುದು. ಒಂದೊಂದು ತ್ರಿಕೋನವೂ ವಾರೆಯಾಗಿಟ್ಟ ಒಂದು ಸಪಾಟು ಹಲಗೆ. ಎಲ್ಲವೂ ಅಂಚಿಗೆ ಅಂಚು ಕೂಡಿಕೊಂಡು ನೆಲದ ಮೇಲ್ಮೈ ಆಗುತ್ತದೆ. ಇದನ್ನು ಟಿನ್ ಎನ್ನುತ್ತಾರೆ. ನಕಾಶೆಯ ಕೆಲಸಕ್ಕೆ ಇದನ್ನು 1970ರ ದಶಕದಲ್ಲಿ ಒಗ್ಗಿಸಿದವರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಥಾಮಸ್ ಪ್ಯೂಕರ್ ಮತ್ತು ಸಂಗಡಿಗರು ಮುಖ್ಯರು.

ಹಲಗೆ ಸಪಾಟಾಗಿರುವುದರಿಂದ ಲೆಕ್ಕ ಸುಲಭ. ಕೆರೆ ತುಂಬಿದಾಗ ನೀರಿನ ಮಟ್ಟ, ಅಂದರೆ ಕೋಡಿಯ ಮಟ್ಟ, 100 ಮೀಟರ್ ಇರಲಿ. ಒಂದು ತ್ರಿಕೋನದ ಮೂಲೆಗಳು 98.2, 97.4 ಮತ್ತು 99 ಮೀಟರ್ ಎತ್ತರದಲ್ಲಿವೆ. ಆಳ ಕ್ರಮವಾಗಿ 1.8, 2.6, 1 ಮೀಟರ್, ಸರಾಸರಿ 1.8. ತ್ರಿಕೋನದ ವಿಸ್ತೀರ್ಣ 600 ಚದರ ಮೀಟರ್ ಆದರೆ ಅದರ ಮೇಲೆ ನಿಲ್ಲುವ ನೀರು 1,080 ಘನ ಮೀಟರ್. ಹೀಗೆ ಎಲ್ಲ ತ್ರಿಕೋನಗಳನ್ನೂ ಕೂಡಿದರೆ ಕೆರೆಯ ಸಾಮರ್ಥ್ಯ ಬರುತ್ತದೆ.

ಆದರೆ ಯಾವ ಮೂರನ್ನು ಸೇರಿಸುವುದು? ಇದಕ್ಕೆ ತಂತ್ರಾಂಶಗಳು ಬಳಸುವುದು ರಷ್ಯದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ಕೊಟ್ಟ ನಿಯಮವನ್ನು. ತ್ರಿಕೋನದ ಮೂರೂ ಮೂಲೆಗಳನ್ನು ಮುಟ್ಟುವಂತೆ ವೃತ್ತ ಎಳೆದರೆ ಅದರೊಳಗೆ ಬೇರೆ ಯಾವ ಬಿಂದುವೂ ಬೀಳಬಾರದು. ಹೀಗೆ ಮಾಡಿದರೆ ಉದ್ದನೆಯ ಚೂಪು ತ್ರಿಕೋನಗಳು ಕಡಿಮೆಯಾಗಿ, ಹತ್ತಿರದ ಬಿಂದುಗಳೇ ಜೊತೆಯಾಗುತ್ತವೆ. ನಿಯಮ ಒಳ್ಳೆಯದೇ. ಆದರೆ ವೃತ್ತ ಎಳೆಯುವುದು ಕಾಗದದ ಮೇಲೆ, ಮೇಲಿನಿಂದ ಕಂಡ ನಕ್ಷೆಯಲ್ಲಿ. ಯಾವ ಬಿಂದು ಎತ್ತರದ್ದು, ಯಾವುದು ತಗ್ಗಿನದು ಎಂದು ಆ ನಿಯಮ ನೋಡುವುದೇ ಇಲ್ಲ. ತ್ರಿಕೋನಗಳು ನಿಶ್ಚಯವಾದ ಮೇಲೆ ಎತ್ತರವನ್ನು ಮೂಲೆಗಳಿಗೆ ಅಂಟಿಸಲಾಗುತ್ತದೆ, ಅಷ್ಟೆ. ಟಿನ್ ದಾರಿ ತಪ್ಪಿಸುವ ಬಹುಪಾಲು ಸಂದರ್ಭಗಳ ಬೇರು ಇಲ್ಲಿದೆ.

ಏರಿಯನ್ನೇ ನೋಡಿ. ಮೇಲ್ತಲೆಯ ಅಗಲ 3 ಮೀಟರ್, ಎತ್ತರ 4 ಮೀಟರ್, ಎರಡೂ ಕಡೆ ಒಂದಕ್ಕೆ ಒಂದೂವರೆ ಇಳಿಜಾರು. ಅಂದರೆ ಒಳಬುಡದಿಂದ ಹೊರಬುಡಕ್ಕೆ 15 ಮೀಟರ್. ಏರಿಯ ಮೇಲೆ ಕೋಲು ಹಿಡಿದವನು ನಡುಗೆರೆಯಲ್ಲಿ 30 ಮೀಟರಿಗೊಂದು ಬಿಂದು ಹಿಡಿದಿದ್ದಾನೆ, ಮಟ್ಟ 102. ಎರಡು ಬಿಂದುಗಳ ಸರಿ ಮಧ್ಯಕ್ಕೆ ಎದುರಾಗಿ ಒಳಬುಡದಲ್ಲೊಂದು, ಹೊರಬುಡದಲ್ಲೊಂದು ಬಿಂದು ಸಿಕ್ಕಿದೆ, ಮಟ್ಟ 98. ಈ ನಾಲ್ಕು ಬಿಂದುಗಳಿಂದ ಎರಡು ತ್ರಿಕೋನ ಆಗಬೇಕು. ನಡುವಿನ ಗೆರೆ ಏರಿಯ ಉದ್ದಕ್ಕೆ ಹೋಗಬಹುದು, ಇಲ್ಲವೇ ಅಡ್ಡಕ್ಕೆ ಹೋಗಬಹುದು. ಏರಿಯ ಮೇಲಿನ ಎರಡು ಬಿಂದು ಮತ್ತು ಒಳಬುಡದ ಬಿಂದುವಿನ ಮೂಲಕ ವೃತ್ತ ಎಳೆದರೆ ತ್ರಿಜ್ಯ 18.75 ಮೀಟರ್ ಬರುತ್ತದೆ. ಹೊರಬುಡದ ಬಿಂದು ಅದರ ಕೇಂದ್ರದಿಂದ 3.75 ಮೀಟರಿನಲ್ಲೇ ಇದೆ, ಅಂದರೆ ವೃತ್ತದ ಒಳಗೇ ಬಿತ್ತು. ನಿಯಮದ ಪ್ರಕಾರ ಉದ್ದದ ಗೆರೆ ಸಲ್ಲದು, ಅಡ್ಡ ಗೆರೆಯೇ ಸರಿ. ಆ ಗೆರೆ 98ರಿಂದ 98ಕ್ಕೆ ಏರಿಯ ಹೊಟ್ಟೆಯನ್ನು ಸೀಳಿಕೊಂಡು ಹೋಗುತ್ತದೆ. ನೆಲದ ಮೇಲೆ ಗಟ್ಟಿಮುಟ್ಟಾಗಿರುವ ಏರಿ ಕಂಪ್ಯೂಟರಿನಲ್ಲಿ 4 ಮೀಟರ್ ಆಳಕ್ಕೆ ಒಡೆದಿದೆ. ಈ ಮಾದರಿಯಲ್ಲಿ ನೀರು ಹರಿಸಿ ನೋಡಿದರೆ 98ರ ಮೇಲೆ ಒಂದು ಹನಿಯೂ ನಿಲ್ಲುವುದಿಲ್ಲ.

ಒಂದೇ ಒಂದು ಅಳತೆಯೂ ತಪ್ಪಿಲ್ಲ, ಗಮನಿಸಿ. ತಪ್ಪಿದ್ದು ಜೋಡಣೆ. ಇದಕ್ಕೆ ಮದ್ದು ಬ್ರೇಕ್‌ಲೈನ್. ಏರಿಯ ನೆತ್ತಿಯ ಗೆರೆ, ಒಳಬುಡ, ಹೊರಬುಡ, ರಾಜಕಾಲುವೆಯ ಎರಡು ದಡ ಮತ್ತು ತಳ, ಇವನ್ನು ಬಿಡಿ ಬಿಂದುಗಳಾಗಿ ಬಿಡದೆ ಗೆರೆಗಳಾಗಿ ಕೊಟ್ಟು, ‘ಯಾವ ತ್ರಿಕೋನವೂ ಇದನ್ನು ದಾಟಕೂಡದು’ ಎಂದು ಕಟ್ಟುಹಾಕುವುದು. ಇದನ್ನು ಕಚೇರಿಗೆ ಬಂದ ಮೇಲೆ ಊಹಿಸಿ ಎಳೆಯುವುದಕ್ಕಿಂತ ಹೊಲದಲ್ಲೇ ಬಿಂದುವಿಗೆ ‘ಏರಿ ನೆತ್ತಿ’, ‘ಒಳಬುಡ’ ಎಂದು ಗುರುತು ಹಾಕಿಕೊಂಡು ಬರುವುದು ಎಷ್ಟೋ ವಾಸಿ.

ಎರಡನೆಯದು ಹಣಕ್ಕೆ ಸಂಬಂಧಿಸಿದ್ದು. ಹೂಳು ತೆಗೆದ ಲೆಕ್ಕವನ್ನು ಸಾಮಾನ್ಯವಾಗಿ ಮೊದಲಿನ ಮತ್ತು ನಂತರದ ಎರಡು ಮೇಲ್ಮೈಗಳ ವ್ಯತ್ಯಾಸದಿಂದ ಮಾಡುತ್ತಾರೆ. ಅಂಗಳದಲ್ಲಿ 25 ಮೀಟರಿಗೊಂದು ಬಿಂದು ಹಿಡಿದಿದ್ದಾರೆ ಎನ್ನೋಣ. ಜೆಸಿಬಿ 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ಒಂದು ಗುಂಡಿ ತೆಗೆದಿದೆ. ತೆಗೆದ ಮಣ್ಣು 200 ಘನ ಮೀಟರ್. ಗುಂಡಿ ಬಿಂದುಗಳ ನಡುವೆ ಬಿದ್ದರೆ ಲೆಕ್ಕದಲ್ಲಿ ಅದು ಸೊನ್ನೆ. ಒಂದು ಬಿಂದು ಅಕಸ್ಮಾತ್ ಗುಂಡಿಯ ತಳಕ್ಕೆ ಬಿದ್ದರೆ? ಆ ಬಿಂದುವಿನ ಸುತ್ತ ಸಾಮಾನ್ಯವಾಗಿ ಆರು ತ್ರಿಕೋನಗಳು ಸೇರುತ್ತವೆ. ಒಟ್ಟು 1,875 ಚದರ ಮೀಟರ್ ನೆಲ ಆ ತಳದ ಕಡೆಗೆ ಬಾಣಲೆಯಂತೆ ಇಳಿಯುತ್ತದೆ. ಸರಾಸರಿ ಆಳ 2 ಮೀಟರಿನ ಮೂರನೇ ಒಂದು ಪಾಲು. ಮಣ್ಣು 1,250 ಘನ ಮೀಟರ್. ಆರುಪಟ್ಟಿಗಿಂತ ಹೆಚ್ಚು! ಕೋಲು ಎಲ್ಲಿ ನಿಂತಿತು ಎಂಬುದರ ಮೇಲೆ ಬಿಲ್ಲು ಸೊನ್ನೆಯಿಂದ 1,250ರವರೆಗೆ ಓಲಾಡುತ್ತದೆ. ಗುಂಡಿಯ ಮೇಲಂಚು ಮತ್ತು ತಳದಂಚು ಎರಡನ್ನೂ ಸುತ್ತಿ ಹಿಡಿದರೆ ಮಾತ್ರ 200ರ ಹತ್ತಿರ ಬರುತ್ತದೆ. ಸಮ ಅಂತರದ ಬಿಂದುಗಳು ನಕ್ಷೆಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತವೆ, ನಿಜ. ಇಳಿಜಾರು ಬದಲಾಗುವ ಕಡೆ ಹಿಡಿದ ಬಿಂದುಗಳು ಅಡ್ಡಾದಿಡ್ಡಿ ಕಂಡರೂ ನನ್ನ ಮತ ಅವಕ್ಕೇ.

ಕೆರೆಯಲ್ಲಿ ಸ್ವಲ್ಪ ನೀರು ಉಳಿದಿದ್ದರೆ ಸರ್ವೆಯವರು ನೀರಂಚಿನ ಗುಂಟ ನಡೆದು ಬಿಂದು ಹಿಡಿದು ಮುಗಿಸುವುದುಂಟು. ಅವೆಲ್ಲವೂ ಒಂದೇ ಮಟ್ಟದವು. ಕೆರೆಯ ಕಿರಿದಾದ ಮೂಲೆಗಳಲ್ಲಿ ಮೂರೂ ಮೂಲೆ ನೀರಂಚಿನಲ್ಲೇ ಇರುವ ತ್ರಿಕೋನಗಳು ಹುಟ್ಟಿ, ಅಲ್ಲಿ ನೀರಿನ ಕೆಳಗೆ ತಳವೇ ಇಲ್ಲದಂತಾಗುತ್ತದೆ. ಇಳಿಜಾರಿನ ನಕ್ಷೆ ತೆಗೆದು ಇಳಿಜಾರು ಸೊನ್ನೆಯಿರುವ ತ್ರಿಕೋನಗಳಿಗೆ ಬಣ್ಣ ಹಚ್ಚಿದರೆ ಇವು ತಟ್ಟನೆ ಕಣ್ಣಿಗೆ ಬೀಳುತ್ತವೆ. ಅಂಗಳದ ಅಂಚಿನಲ್ಲಿ ಯಾರೂ ಕಾಲಿಡದ ಜಾಗದ ಮೇಲೆ ಚಾಚಿಕೊಂಡ ಉದ್ದನೆಯ ತ್ರಿಕೋನಗಳನ್ನೂ ಹಾಗೆಯೇ ಗುರುತಿಸಿ, ಗಡಿಗೆರೆ ಹಾಕಿ ಕತ್ತರಿಸಬೇಕು. ಒಂದೇ ಬಿಂದುವಿನ ಸುತ್ತ ಉಂಗುರ ಉಂಗುರವಾಗಿ ಕಾಂಟೂರ್ ಗೆರೆ ಬಂದಿದ್ದರೆ ಅಲ್ಲಿ ನಿಜವಾಗಿಯೂ ದಿಬ್ಬವಿದೆಯೋ, ಕೋಲಿನ ಎತ್ತರ ಬದಲಿಸಿದ್ದನ್ನು ಯಂತ್ರಕ್ಕೆ ತಿಳಿಸಲು ಮರೆತರೋ ಎಂದು ಕೇಳಬೇಕು.

ಟಿನ್ ಅಳೆದ ಪ್ರತಿ ಬಿಂದುವಿನ ಮೂಲಕವೂ ಹಾದೇ ಹೋಗುತ್ತದೆ. ಆದ್ದರಿಂದ ಅದೇ ಬಿಂದುಗಳಿಂದ ಅದನ್ನು ಪರೀಕ್ಷಿಸಿದರೆ ತಪ್ಪು ಯಾವಾಗಲೂ ಸೊನ್ನೆ. ಆ ಸೊನ್ನೆಗೆ ಬೆಲೆಯಿಲ್ಲ. ಮಾದರಿಗೆ ಸೇರಿಸದ ಒಂದಷ್ಟು ಬಿಂದುಗಳನ್ನು, ಅದರಲ್ಲೂ ದೊಡ್ಡ ತ್ರಿಕೋನಗಳ ನಡುವೆ, ಬೇರೆಯಾಗಿ ಅಳೆದು ಹೋಲಿಸಬೇಕು. ಕಾಂಟೂರ್ ಗೆರೆಗಳನ್ನು ನುಣುಪು ಮಾಡಿದ ನಕ್ಷೆ ಇದಕ್ಕೆ ಸಾಕ್ಷಿಯಾಗದು. ಆ ನುಣುಪು ತ್ರಿಕೋನದ ಅಂಚುಗಳನ್ನು ಮುಚ್ಚಿಬಿಡುತ್ತದೆ.

ನಿಮ್ಮೂರ ಕೆರೆಯ ಹೂಳಿನ ಲೆಕ್ಕ ಗ್ರಾಮಸಭೆಗೆ ಬಂದರೆ ಒಟ್ಟು ಮೊತ್ತವೊಂದನ್ನೇ ನೋಡಿ ತಲೆಯಾಡಿಸಬೇಡಿ. ಬಿಂದುಗಳು, ತ್ರಿಕೋನದ ಗೆರೆಗಳು ಮತ್ತು ಬ್ರೇಕ್‌ಲೈನುಗಳು ಮೂರೂ ಕಾಣುವ ನಕ್ಷೆ ಕೇಳಿ. ಏರಿಯನ್ನು ಅಡ್ಡ ದಾಟಿದ ಗೆರೆ ಇದೆಯೇ ಎಂದು ಹುಡುಕಲು ಎಂಜಿನಿಯರೇ ಆಗಬೇಕಿಲ್ಲ.