ನಿಮಗಿದು ಗೊತ್ತೇ? ಗುಜರಿಗೆ ಹೋದ ಬೋರ್ಡಿನ ಚಿನ್ನ ಏನಾಗುತ್ತದೆ?

ದಂಡೋತಿಯಲ್ಲಿ ಕೆಟ್ಟ ಕಂಪ್ಯೂಟರ್, ಚಿತ್ತಾಪುರದಲ್ಲಿ ರಿಪೇರಿಯಾಗದ ಮೊಬೈಲ್, ಸೇಡಂನಲ್ಲಿ ಮೂಲೆ ಸೇರಿದ ಡಬ್ಬಾ ಟಿ.ವಿ. ಕೊನೆಗೆ ಎಲ್ಲವೂ ಹತ್ತುವುದು ಗುಜರಿಯವರ ಗಾಡಿಯನ್ನೇ. ಇ-ತ್ಯಾಜ್ಯದ ನೀತಿಯ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳೇ, ಆ ಗಾಡಿಯಲ್ಲಿರುವ ಹಸಿರು ಸರ್ಕ್ಯೂಟ್ ಬೋರ್ಡಿನ ಜಾಡು ಹಿಡಿದು ಹೊರಡೋಣ.

ಲೆಕ್ಕಕ್ಕೆ ಸಿಗುವುದು ಕಾಲುಭಾಗವೂ ಅಲ್ಲ!
2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 6.2 ಕೋಟಿ ಟನ್. ಅದರಲ್ಲಿ ಅಧಿಕೃತವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತೆಂದು ದಾಖಲಾದದ್ದು ಶೇ 22.3 ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಕಸದ ಗುಂಡಿ ಸೇರಿದರೆ, ಇನ್ನೊಂದಷ್ಟು ಲೈಸೆನ್ಸ್ ಇಲ್ಲದ ಕೈಗಳಲ್ಲಿ ಬಿಚ್ಚಲ್ಪಟ್ಟು, ಕರಗಿ, ಮತ್ತೆ ಮಾರುಕಟ್ಟೆಗೆ ಬರುತ್ತದೆ.

ಗಣಿಯ ಅದಿರಿಗಿಂತ ಬೋರ್ಡಿನಲ್ಲೇ ಚಿನ್ನ ಹೆಚ್ಚು!
ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಕಂಪ್ಯೂಟರ್ ಬೋರ್ಡುಗಳಲ್ಲಿ ಸುಮಾರು 200 ಗ್ರಾಂ ಇರುತ್ತದೆ. ಕನೆಕ್ಟರ್‌ಗಳ ಹಲ್ಲುಗಳ ಮೇಲೆ ತೆಳುವಾದ ಲೇಪವಾಗಿ ಕಾಣುವುದು ಅದರ ಒಂದು ಪಾಲಷ್ಟೇ. ಇನ್ನೊಂದು ಪಾಲು ಚಿಪ್ಪುಗಳ ಒಳಗೆ ಕೂದಲಿಗಿಂತ ಸಣ್ಣ ಎಳೆಗಳಾಗಿ ಅಡಗಿರುತ್ತದೆ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಅಡಗಿದ ಚಿನ್ನದ ಮೇಲೆ.

ಅದೇ ಬೋರ್ಡಿನಲ್ಲಿ ಸೀಸವೂ ಇದೆ!
ಹಳೆಯ ಬೋರ್ಡುಗಳ ಬೆಸುಗೆ ತವರ ಮತ್ತು ಸೀಸದ ಮಿಶ್ರಣ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸೀಸವೇ. ಭಾರತದಲ್ಲಿ ಹೊಸ ಉಪಕರಣಗಳ ಸೀಸಕ್ಕೆ ಮಿತಿ ಜಾರಿಯಾದದ್ದು 2014ರ ಮೇ 1ರಿಂದ. ಹಾಗಾಗಿ ಈಗ ಗುಜರಿಗೆ ಬರುತ್ತಿರುವ ಹಳೆಯ ಸಾಮಾನಿನಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಮುಟ್ಟುವುದೇ ಕ್ಷೇಮ. ಡಬ್ಬಾ ಟಿ.ವಿ.ಯ ಗಾಜಿನ ಬುರುಡೆಯಲ್ಲಂತೂ ಗಾತ್ರಕ್ಕೆ ತಕ್ಕಂತೆ ಒಂದೆರಡು ಕಿಲೋ ಸೀಸವಿರುತ್ತದೆ. ಅದರ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿಗಾಗಿ ಬುರುಡೆ ಒಡೆದು, ಗಾಜನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆ ಸೀಸ ದೂಳಾಗಿ ಮಕ್ಕಳ ಮೈ ಸೇರಿದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಆಸಿಡ್ಡಿಗೆ ಅದ್ದಿದರೆ ಮುಕ್ಕಾಲು ಚಿನ್ನ ನಷ್ಟ!
ಎರಡು ದಶಕಗಳ ಹಿಂದೆ ಸ್ವಿಸ್ ಸಂಶೋಧಕರು ಬೆಂಗಳೂರಿನ ಸಣ್ಣ ಗುಜರಿ ಘಟಕಗಳಲ್ಲಿ ಚಿನ್ನ ತೆಗೆಯುವ ವಿಧಾನವನ್ನು ಅಳೆದು ನೋಡಿದರು. ಆಸಿಡ್, ಸಯನೈಡ್, ಪಾದರಸ ಬಳಸುವ ಈ ಕೆಲಸದಲ್ಲಿ ಕೈಗೆ ಬರುತ್ತಿದ್ದುದು ಬೋರ್ಡಿನ ಒಟ್ಟು ಚಿನ್ನದ ಸುಮಾರು ಶೇ 25. ಮೇಲಿನ ಲೇಪ ಬಿಡುತ್ತದೆ, ಚಿಪ್ಪಿನೊಳಗಿನದು ಅಲ್ಲೇ ಉಳಿಯುತ್ತದೆ. ಆಧುನಿಕ ಕುಲುಮೆಯಲ್ಲಿ ಬೋರ್ಡನ್ನೇ ಕರಗಿಸಿದರೆ ತಾಮ್ರ ನೀರಾಗಿ, ಚಿನ್ನ, ಬೆಳ್ಳಿ, ಪಲ್ಲಾಡಿಯಂಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಅಲ್ಲಿ ಶೇ 95ಕ್ಕೂ ಹೆಚ್ಚು ಚಿನ್ನ ವಾಪಸ್ ಸಿಗುತ್ತದೆ. ನಮ್ಮ ಒಂದು ಟನ್ನಿಗೆ ಲೆಕ್ಕ ಹಾಕಿ: ಆಸಿಡ್ ಬಕೆಟ್ಟಿನಲ್ಲಿ 50 ಗ್ರಾಂ, ಕುಲುಮೆಯಲ್ಲಿ 190 ಗ್ರಾಂ.

ಆಸಿಡ್ ಕೆಲಸ ನಡೆದ ಜಾಗ ತಾನೇ ಹೇಳುತ್ತದೆ!
ನೈಟ್ರಿಕ್ ಆಸಿಡ್ ತಾಮ್ರಕ್ಕೆ ತಾಗಿದರೆ ಕಂದು ಹೊಗೆ ಏಳುತ್ತದೆ, ಉಳಿದ ದ್ರವ ನೀಲಿ-ಹಸಿರು ಬಣ್ಣಕ್ಕೆ ತಿರುಗುತ್ತದೆ. ಅದು ಶಹಾಬಾದ್ ಕಲ್ಲಿನ ನೆಲದ ಮೇಲೆ ಚೆಲ್ಲಿದರೆ ನೊರೆಯೆದ್ದು ಕಲ್ಲು ತಿನ್ನಿದಂತಾಗುತ್ತದೆ. ಏಕೆಂದರೆ ನಮ್ಮ ಸೀಮೆಯದು ಸುಣ್ಣದ ಕಲ್ಲು. ಸುಣ್ಣ ಆಸಿಡ್ಡಿನ ಉರಿಯನ್ನು ಕಡಿಮೆ ಮಾಡುತ್ತದೆ, ನಿಜ. ಆದರೆ ಲೋಹಗಳೆಲ್ಲ ಅಲ್ಲೇ ನಿಲ್ಲುತ್ತವೆಂಬ ಭರವಸೆಯಿಲ್ಲ. ಬಿರುಕುಗಳಿರುವ ಇಂಥ ಕಲ್ಲಿನಲ್ಲಿ ನೀರು ಬೇಗ ಇಳಿದು ಬಾವಿ, ಬೋರ್‌ವೆಲ್ ಸೇರುತ್ತದೆ. ದಂಡೋತಿಯ ಬದಿಯಲ್ಲೇ ಹರಿಯುವ ಕಾಗಿಣಾ ಭೀಮೆಗೆ ಸೇರುವ ನದಿ ಎಂಬುದನ್ನೂ ನೆನಪಿಡಿ.

ಸಿಮೆಂಟ್ ಗೂಡೂ ಇದಕ್ಕೆ ಮದ್ದಲ್ಲ!
ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಗೂಡಿನೊಳಗೆ ಸುಮಾರು 1450 ಡಿಗ್ರಿ ಶಾಖವಿರುತ್ತದೆ. ಕೆಲವು ಬಗೆಯ ಕೈಗಾರಿಕಾ ತ್ಯಾಜ್ಯವನ್ನು ಅಲ್ಲಿ ಉರುವಲಾಗಿ ಬಳಸಲೂ ಬಹುದು. ಹಾಗಿದ್ದರೆ ಬೋರ್ಡುಗಳನ್ನೂ ಹಾಕಬಾರದೇಕೆ? ಹಾಕಬಾರದು. ಬಾಸೆಲ್ ಒಪ್ಪಂದದ ಮಾರ್ಗಸೂಚಿ ಎಲೆಕ್ಟ್ರಾನಿಕ್ ತ್ಯಾಜ್ಯವನ್ನೂ ಇಡಿಯಾದ ಬ್ಯಾಟರಿಗಳನ್ನೂ ಸಿಮೆಂಟ್ ಗೂಡಿಗೆ ಸಲ್ಲದ ಪಟ್ಟಿಯಲ್ಲಿ ಇಟ್ಟಿದೆ. ಅಲ್ಲಿ ಲೋಹಗಳು ಒಂದೋ ಸಿಮೆಂಟಿನೊಳಗೆ ಸಿಕ್ಕಿಬೀಳುತ್ತವೆ, ಇಲ್ಲವೇ ಪಾದರಸದಂತೆ ಹೊಗೆಯ ಜೊತೆ ಹೊರಡುತ್ತವೆ. ತಾಮ್ರ, ಚಿನ್ನ ಶಾಶ್ವತವಾಗಿ ಕೈತಪ್ಪುತ್ತವೆ.

ಗುಜರಿಯವರನ್ನು ಬಿಟ್ಟರೆ ಲೆಕ್ಕವೇ ಕೂಡುವುದಿಲ್ಲ!
ಒಂದು ಊಹೆಯ ಲೆಕ್ಕ ಹಾಕೋಣ. ಒಂದು ಪ್ರದೇಶದ ಹಳೆ ಬೋರ್ಡುಗಳಲ್ಲಿ 100 ಗ್ರಾಂ ಚಿನ್ನವಿದೆ ಎನ್ನಿ. ಮನೆಮನೆ ಸುತ್ತುವ ಗುಜರಿಯವರು 80 ಗ್ರಾಮಿನಷ್ಟನ್ನು ಒಟ್ಟುಮಾಡುತ್ತಾರೆ, ಬಿಚ್ಚುವಾಗ ಅರ್ಧ ಉಳಿದು 40 ಆಗುತ್ತದೆ, ಆಸಿಡ್ಡಿನಲ್ಲಿ ಕೈಗೆ ಬರುವುದು 10. ಇನ್ನು ಅಧಿಕೃತ ವ್ಯವಸ್ಥೆಯೊಂದೇ ಇದ್ದು ಅದಕ್ಕೆ 20 ಗ್ರಾಮಿನಷ್ಟೇ ಬಂದರೆ, ಬಿಚ್ಚಿದ ಮೇಲೆ 10, ಕುಲುಮೆಯಿಂದ 9.5. ಎರಡೂ ಹೆಚ್ಚುಕಡಿಮೆ ಒಂದೇ! ಗುಜರಿಯವರು ಒಟ್ಟುಮಾಡಿ ಬಿಚ್ಚಿದ ಬೋರ್ಡನ್ನೇ ಕುಲುಮೆಗೆ ಕಳಿಸಿದರೆ ಮಾತ್ರ 38 ಗ್ರಾಂ. ನಡುವಿನ ಆಸಿಡ್ ಮೆಟ್ಟಿಲೊಂದನ್ನು ತೆಗೆದರೆ ಸಾಕು, ಗುಜರಿಯವರ ಹೊಟ್ಟೆಪಾಡು ತೆಗೆಯಬೇಕಾಗಿಲ್ಲ.

ಇದನ್ನು ಬೆಂಗಳೂರಿನಲ್ಲೇ ಮಾಡಿ ನೋಡಲಾಗಿದೆ!
ಅಲ್ಲಿನ ಗುಜರಿ ಘಟಕಗಳು ಬೋರ್ಡುಗಳನ್ನು ಆಸಿಡ್ಡಿಗೆ ಹಾಕದೆ ಬೆಲ್ಜಿಯಂನ ಉಮಿಕೋರ್ ಕುಲುಮೆಗೆ ಕಳಿಸುವ ದಾರಿಯನ್ನು ಆ ಸ್ವಿಸ್ ಸಂಶೋಧಕರೇ ಪರೀಕ್ಷಿಸಿದರು. ಅಧಿಕೃತ ಘಟಕಗಳೂ ಇಲ್ಲವೆಂದಲ್ಲ: ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ ನಮ್ಮ ದೇಶದ ಮೊದಲ ಅಧಿಕೃತ ಮರುಬಳಕೆ ಘಟಕಗಳಲ್ಲಿ ಒಂದು. ತೊಡಕು ಇರುವುದು ಹಣದಲ್ಲಿ. ಆಸಿಡ್ ಕೆಲಸದವನಿಗೆ ಚಿನ್ನ ಅಂದೇ ಕೈಗೆ ಸಿಗುತ್ತದೆ. ಕುಲುಮೆಗೆ ಕಳಿಸಬೇಕಾದರೆ ಟನ್ನುಗಟ್ಟಲೆ ಕೂಡಿಡಬೇಕು, ಮಾದರಿ ಪರೀಕ್ಷೆಯಾಗಿ ದುಡ್ಡು ಬರುವವರೆಗೆ ಕಾಯಬೇಕು. ಆ ನಡುವಿನ ಬಂಡವಾಳ ಚಿತ್ತಾಪುರದ ಗುಜರಿ ಅಂಗಡಿಗೆ ಎಲ್ಲಿಂದ ಬರಬೇಕು?

ಹೊಸ ನಿಯಮ ಎಣಿಸುವುದು ನಾಲ್ಕೇ ಲೋಹ!
2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಕಂಪನಿಗಳು ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ತಮ್ಮ ಹೊಣೆ ತೀರಿಸಬೇಕು. ಪ್ರಮಾಣಪತ್ರ ಹುಟ್ಟುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಷ್ಟು ಸಿಕ್ಕಿತು ಎಂಬ ಲೆಕ್ಕದ ಮೇಲೆ. ಹಳೆಯ ನಿಯಮದಲ್ಲಿ ಪ್ರತ್ಯೇಕವಾಗಿದ್ದ ಸಂಗ್ರಹ ಕೇಂದ್ರ ಮತ್ತು ಬಿಚ್ಚುವ ಘಟಕಗಳು ಈಗ ನೋಂದಣಿಯ ವರ್ಗಗಳಲ್ಲಿ ಇಲ್ಲ. ಅಧಿಕೃತರಿಗೇ ಒಪ್ಪಿಸುವ ಸಗಟು ಬಳಕೆದಾರರ ಕರ್ತವ್ಯವೂ ವರ್ಷದಲ್ಲಿ ಕನಿಷ್ಠ 1000 ಉಪಕರಣ ಬಳಸುವ ಸಂಸ್ಥೆಗೆ ಮಾತ್ರ. ಹತ್ತು-ಹನ್ನೆರಡು ಕಂಪ್ಯೂಟರುಗಳ ಖಾಸಗಿ ಶಾಲೆ ಅದರ ಹೊರಗೇ ಉಳಿಯುತ್ತದೆ.

ಪ್ರಬಂಧದಲ್ಲಿ ವಾದ ಹೂಡಬೇಕಾದ ಜಾಗ ಇದೇ. ಬೋರ್ಡಿಗೆ ಬೆಲೆಯಿದೆ, ಅದು ಹೇಗೋ ಸಾಗುತ್ತದೆ; ಅದು ಆಸಿಡ್ಡಿಗೆ ಬೀಳದಂತೆ ತಾಲ್ಲೂಕು ಮಟ್ಟದಲ್ಲಿ ಸ್ಥಳದಲ್ಲೇ ನಗದು ಕೊಟ್ಟು ಇಡಿಯಾಗಿ ಕೊಳ್ಳುವವರು ಬೇಕು. ಡಬ್ಬಾ ಟಿ.ವಿ.ಯ ಸೀಸದ ಗಾಜು, ಪಾದರಸದ ಟ್ಯೂಬ್‌ಲೈಟ್ ಹಾಗಲ್ಲ. ಪ್ರಮಾಣಪತ್ರದ ನಾಲ್ಕು ಲೋಹಗಳಲ್ಲಿ ಸೀಸವೂ ಇಲ್ಲ, ಪಾದರಸವೂ ಇಲ್ಲ. ದಂಡೋತಿಯಿಂದ ಅವನ್ನು ಸಾಗಿಸುವ ಬಾಡಿಗೆ ಯಾರು ಕೊಡಬೇಕೆಂದು ನಿಯಮ ಹೇಳದಿದ್ದರೆ, ಬೆಲೆಯುಳ್ಳದ್ದು ಊರು ಬಿಡುತ್ತದೆ, ವಿಷ ಊರಲ್ಲೇ ಉಳಿಯುತ್ತದೆ.