ಹತ್ತರಲ್ಲಿ ಎಂಟು ಗೆದ್ದರೂ ನಷ್ಟವೇಕೆ?

ಷೇರು ಟ್ರೇಡಿಂಗ್ ಕಲಿಸುವವರಲ್ಲಿ ಕೆಲವರು ‘ನಮ್ಮ ತಂತ್ರ ನೂರಕ್ಕೆ 80 ಸಲ ಗೆಲ್ಲುತ್ತದೆ’ ಎನ್ನುತ್ತಾರೆ. ಇನ್ನು ಕೆಲವರು ‘ಒಂದು ರೂಪಾಯಿ ಅಪಾಯಕ್ಕೆ ಎರಡು ರೂಪಾಯಿ ಸಿಗುವಂತಿದ್ದರೆ ಮಾತ್ರ ಕೈಹಾಕಿ’ ಎನ್ನುತ್ತಾರೆ. ಮೊದಲನೆಯದು ವಿನ್ ರೇಟ್, ಎರಡನೆಯದು ರಿಸ್ಕ್-ರಿವಾರ್ಡ್. ಬಿಡಿಬಿಡಿಯಾಗಿ ಇವೆರಡೂ ಅರ್ಧ ಲೆಕ್ಕ.

ಆಪ್ಷನ್ ಮಾರುವವರೊಬ್ಬರು ಹತ್ತು ವಹಿವಾಟಿನಲ್ಲಿ ಎಂಟು ಗೆದ್ದು, ಪ್ರತಿ ಸಲ 500 ರೂಪಾಯಿ ಗಳಿಸಿದರು ಎನ್ನೋಣ. ಬಂದದ್ದು 4,000. ಸೋತ ಎರಡರಲ್ಲಿ ತಲಾ 3,000 ಹೋದರೆ ಕಳೆದದ್ದು 6,000. ಇನ್ನೊಬ್ಬರು ನಾಲ್ಕೇ ಗೆದ್ದರು, ಆದರೆ ಪ್ರತಿ ಗೆಲುವಿಗೆ 2,000, ಪ್ರತಿ ಸೋಲಿಗೆ 1,000. ಆರು ಸಲ ಸೋತರೂ ಅವರ ಬಳಿ 2,000 ಉಳಿಯಿತು, ಅಂದರೆ ವಹಿವಾಟಿಗೆ ಸರಾಸರಿ 200. ಈ ಸರಾಸರಿಯೇ ಎಕ್ಸ್‌ಪೆಕ್ಟೆನ್ಸಿ. ಅದು ಸೊನ್ನೆಗಿಂತ ಮೇಲಿದ್ದರೆ ಮಾತ್ರ ತಂತ್ರಕ್ಕೆ ಬಲವಿದೆ.

ಒಂದಕ್ಕೆ ಎರಡು ಎಂಬ ಅನುಪಾತದಲ್ಲಿ ಮೂರಕ್ಕೊಂದು ಗೆದ್ದರೆ ಅಸಲು ಸರಿಹೋಗುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಬೆಲೆ ಗೊತ್ತುಗುರಿಯಿಲ್ಲದೆ ಏರಿಳಿದರೂ, ಸ್ಟಾಪ್‌ಲಾಸ್‌ಗಿಂತ ಎರಡು ಪಟ್ಟು ದೂರದ ಟಾರ್ಗೆಟ್ಟನ್ನು ಅದು ಮೊದಲು ಮುಟ್ಟುವ ಸಾಧ್ಯತೆ ಸರಿಯಾಗಿ ಮೂರರಲ್ಲಿ ಒಂದು. ಟಾರ್ಗೆಟ್ ದೂರ ಇಟ್ಟಷ್ಟೂ ಗೆಲುವು ಅಪರೂಪ, ಹತ್ತಿರ ಇಟ್ಟಷ್ಟೂ ಗೆಲುವು ಸಣ್ಣದು. ಅನುಪಾತವನ್ನು ಬದಲಿಸಿದ ಮಾತ್ರಕ್ಕೆ ಲಾಭ ಹುಟ್ಟುವುದಿಲ್ಲ. ಬೆಲೆ ಯಾವ ಕಡೆ ಹೋಗುತ್ತದೆಂದು ಊಹಿಸುವುದರಲ್ಲಿ ನಿಜವಾದ ಮೇಲುಗೈ ಇರಬೇಕು.

ಖರ್ಚು ಸೇರಿಸಿದರೆ ಚಿತ್ರ ಇನ್ನೂ ಬಿಗಿಯಾಗುತ್ತದೆ. ಬ್ರೋಕರೇಜ್, ತೆರಿಗೆ, ಬಯಸಿದ ಬೆಲೆ ಸಿಗದೆ ಜಾರುವ ಮೊತ್ತ ಎಲ್ಲ ಸೇರಿ ವಹಿವಾಟಿಗೆ 150 ರೂಪಾಯಿ ಎಂದಿಟ್ಟುಕೊಳ್ಳಿ. ಎರಡನೆಯವರ ಗೆಲುವು 1,850ಕ್ಕೆ ಇಳಿಯಿತು, ಸೋಲು 1,150ಕ್ಕೆ ಏರಿತು. ಈಗ ಅಸಲು ಉಳಿಯಲು ನೂರಕ್ಕೆ 38ಕ್ಕೂ ಹೆಚ್ಚು ಗೆಲ್ಲಬೇಕು. ನಲವತ್ತು ಗೆಲ್ಲುವವರಿಗೆ ಉಳಿಯುವುದು ವಹಿವಾಟಿಗೆ ಬರೀ 50 ರೂಪಾಯಿ. ಭಯಪಟ್ಟು, ಎಲ್ಲ ಗೆಲುವನ್ನೂ 2,000ದ ಬದಲು 1,500ಕ್ಕೇ ಮುಗಿಸಿಕೊಂಡರೆ, ಗೆಲ್ಲುವ ಪ್ರಮಾಣ ಏರದಿದ್ದಲ್ಲಿ ವಹಿವಾಟಿಗೆ 150 ನಷ್ಟ. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಚಾರ್ಟಿನ ಮೇಲೆ ಎಳೆದ ಅನುಪಾತವನ್ನಲ್ಲ, ಕೈಗೆ ನಿಜವಾಗಿ ಬಂದ ಸರಾಸರಿಯನ್ನು.

ಇಪ್ಪತ್ತು ವಹಿವಾಟು ನೋಡಿ ತೀರ್ಮಾನಿಸುವುದೂ ಆಗದು. ಇದೇ ಉದಾಹರಣೆಯಲ್ಲಿ ಎಂಟು ಗೆದ್ದರೆ 1,000 ಲಾಭ, ಏಳು ಗೆದ್ದರೆ 2,000 ನಷ್ಟ. ಒಂದೇ ಒಂದು ಗೆಲುವು, ಅದೂ ಅದೃಷ್ಟದಿಂದ ಬಂದದ್ದಿರಬಹುದು, ಇಡೀ ಉತ್ತರವನ್ನೇ ತಿರುಗಿಸುತ್ತದೆ.

2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ವೈಯಕ್ತಿಕ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿ 2024ರಲ್ಲಿ ತಿಳಿಸಿತು. ನಿಮ್ಮ ಕಾಂಟ್ರಾಕ್ಟ್ ನೋಟ್‌ಗಳನ್ನು ತೆಗೆದು, ಕಡೇಪಕ್ಷ ನೂರು ವಹಿವಾಟಿನ ಸರಾಸರಿ ಗೆಲುವು, ಸರಾಸರಿ ಸೋಲು, ಖರ್ಚನ್ನು ಬರೆದು ನೋಡಿ. ಮೊತ್ತ ಸೊನ್ನೆಗಿಂತ ಕೆಳಗಿದ್ದರೆ ಆ ತಂತ್ರಕ್ಕೆ ಇನ್ನಷ್ಟು ಹಣ ಹಾಕಬೇಡಿ.