ಅರ್ಧ ಕುಡಿಕೆ ನೀರು: ಕಾಗೆ ಕಥೆ ತೆರೆಗೆ ಬಂದ ಬಗೆ

ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ಮಕ್ಕಳನ್ನು ಮಲಗಿಸುವಾಗ ಬಾಯಾರಿದ ಕಾಗೆಯ ಕಥೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮಡಕೆಯ ತಳದಲ್ಲಿ ಸ್ವಲ್ಪ ನೀರು, ಕಾಗೆ ನಾಲ್ಕು ಕಲ್ಲು ಹಾಕುತ್ತದೆ, ನೀರು ಮೇಲೆ ಬರುತ್ತದೆ. ಕಿವಿಯಲ್ಲಿ ಕೇಳುವಾಗ ಇದರಲ್ಲಿ ಯಾವ ತೊಡಕೂ ಇಲ್ಲ. ಇದನ್ನೇ ಒಂದೂವರೆ ನಿಮಿಷದ ಅನಿಮೇಷನ್ ಚಿತ್ರಕ್ಕೆ ಬರೆಯಲು ಕೂತಾಗ ಮೊದಲು ಕೈ ಹಿಡಿದು ನಿಲ್ಲಿಸಿದ್ದು ಆ ‘ಸ್ವಲ್ಪ ನೀರು’.

ಕಥೆ ಬಹಳ ಹಳೆಯದು. ನಮಗೆ ಇದು ಈಸೋಪನ ಹೆಸರಿನಲ್ಲಿ ಶಾಲೆಯ ಪುಸ್ತಕಗಳಿಂದ ಪರಿಚಿತ. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ, ಬಾಯಾರಿದ ಕಾಗೆಯೊಂದು ಪಾತ್ರೆಗೆ ಕಲ್ಲು ತುಂಬಿ ನೀರು ಮೇಲೆ ತಂದದ್ದನ್ನು ಕಥೆಯಾಗಿ ಅಲ್ಲ, ಹಕ್ಕಿಗಳ ಬುದ್ಧಿಗೆ ಸಾಕ್ಷಿಯಾಗಿಯೇ ಬರೆದಿಟ್ಟ. ಅದು ಪರೀಕ್ಷೆಗೆ ಬಂದದ್ದು 2009ರಲ್ಲಿ. ಕೇಂಬ್ರಿಜ್‌ನ ಕ್ರಿಸ್ಟೋಫರ್ ಬರ್ಡ್ ಮತ್ತು ಲಂಡನ್ನಿನ ನಥಾನ್ ಎಮರಿ ನೀರಿದ್ದ ಕೊಳವೆಯಲ್ಲಿ ಹುಳ ತೇಲಿಬಿಟ್ಟು, ಕಾಗೆಯ ಬಳಗದ ನಾಲ್ಕು ರೂಕ್ ಹಕ್ಕಿಗಳ ಮುಂದಿಟ್ಟರು. ಅವು ಕಲ್ಲು ಹಾಕಿ ಹುಳವನ್ನು ಮೇಲೆ ತಂದವು. ಬರಬರುತ್ತಾ ದೊಡ್ಡ ಕಲ್ಲುಗಳನ್ನೇ ಆರಿಸತೊಡಗಿದವು. ನಮ್ಮ ಊರುಕಾಗೆ ಆ ಜಾತಿಯಲ್ಲ, ಆದರೂ ಅದೇ ಬಳಗದ್ದು.

ಇನ್ನು ನೀರಿನ ಮಾತು. ಕಲ್ಲುಗಳನ್ನು ಎಷ್ಟೇ ಒತ್ತಾಗಿ ತುಂಬಿದರೂ ನಡುವೆ ಸಂದು ಉಳಿಯುತ್ತದೆ. ಉರುಟು ಕಲ್ಲಾದರೆ ಒಟ್ಟು ಜಾಗದ ನೂರಕ್ಕೆ ಸುಮಾರು 40 ಪಾಲು ಬರೀ ಸಂದೇ. ನೀರು ಮೊದಲು ಆ ಸಂದುಗಳನ್ನು ತುಂಬಬೇಕು. 12 ಸೆಂ.ಮೀ. ಎತ್ತರದ ನೇರವಾದ ಗಾಜಿನ ಲೋಟದಲ್ಲಿ 3 ಸೆಂ.ಮೀ. ನೀರಿದ್ದರೆ, ಬಾಯಿಮಟ್ಟ ಕಲ್ಲು ತುಂಬಿದರೂ ನೀರು ಏಳೂವರೆ ಸೆಂ.ಮೀ. ಆಸುಪಾಸಿಗೆ ನಿಲ್ಲುತ್ತದೆ. ಮೇಲೆ ಒಣ ಕಲ್ಲು, ಕೆಳಗೆ ಸಿಕ್ಕಿಕೊಂಡ ನೀರು. ಕೊಕ್ಕು ಇಳಿಸಲೂ ಜಾಗವಿಲ್ಲ, ಕಾಗೆ ಮೊದಲಿಗಿಂತ ಕಷ್ಟಕ್ಕೆ ಬೀಳುತ್ತದೆ. ಅದೇ ಲೋಟದಲ್ಲಿ 6 ಸೆಂ.ಮೀ. ನೀರಿದ್ದರೆ ಕಲ್ಲು ಬಾಯಿ ಮುಟ್ಟುವ ಮೊದಲೇ ನೀರು ತುಳುಕುತ್ತದೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ ನೀರು ಅರ್ಧಕ್ಕೆ ಏರಿತು.

ಆಮೇಲೆ ಮಡಕೆ ಕಿರಿದಾಯಿತು. ಹತ್ತು ಲೀಟರಿನ ಕೊಡವಾದರೆ ನೀರು ಕಂಠಕ್ಕೆ ಬರಲು ನಾಲ್ಕು ಲೀಟರಿನಷ್ಟು ಜಾಗ ಹಿಡಿಯುವ ಕಲ್ಲು ಬೇಕು. ಕಾಗೆ ಕಚ್ಚಿ ಹಾರಬಲ್ಲ ಕಲ್ಲು 5 ಮಿ.ಲೀ. ಜಾಗ ಹಿಡಿದರೆ, 800 ಕಲ್ಲು! ಒಂದು ಲೀಟರಿನ ಮಣ್ಣಿನ ಕುಡಿಕೆಗಾದರೆ 80 ಸಾಕು. ತೋಟದಲ್ಲಿ ಯಾರೋ ಮರೆತುಹೋದ ಕುಡಿಕೆ ಎಂದರೆ ಮಕ್ಕಳೂ ಒಪ್ಪುತ್ತಾರೆ.

ಕುಡಿಕೆಯ ಆಕಾರವೇ ಚಿತ್ರದ ಓಟವನ್ನೂ ಕೊಟ್ಟಿತು. ಹೊಟ್ಟೆಯ ಅಗಲ 12 ಸೆಂ.ಮೀ., ಕಂಠದ್ದು 6. ಹೊಟ್ಟೆಯಲ್ಲಿ ನಾಲ್ಕು ಕಲ್ಲಿಗೆ ಏರುವಷ್ಟು ನೀರು ಕಂಠದಲ್ಲಿ ಒಂದೇ ಕಲ್ಲಿಗೆ ಏರುತ್ತದೆ. ಮೊದಲು ತಾಳ್ಮೆ, ಕೊನೆಗೆ ದಿಢೀರ್ ಗೆಲುವು. ಕಥೆಗೆ ಬೇಕಾದ ಏರಿಳಿತ ಮಣ್ಣಿನ ಪಾತ್ರೆಯಲ್ಲೇ ಇತ್ತು ಎಂಬುದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ. ಬರೆದದ್ದು ಹೀಗೆ:

ದೃಶ್ಯ 1. ಮಧ್ಯಾಹ್ನ. ಬಿರುಕುಬಿಟ್ಟ ಕೆರೆಯಂಗಳ, ದಡದಲ್ಲಿ ತೆಂಗಿನ ತೋಟ. ಬೂದು ಕತ್ತಿನ ಕಾಗೆ ಕೊಕ್ಕು ತೆರೆದು ಕೂತಿದೆ.

ದೃಶ್ಯ 2. ತೆಂಗಿನ ಬುಡದಲ್ಲಿ ಕುಡಿಕೆ. ಕಾಗೆ ಇಣುಕುತ್ತದೆ. ಕುಡಿಕೆ ಸೀಳಿದಂತೆ ಕಾಣುತ್ತದೆ: ಅರ್ಧ ನೀರು, ಕೊಕ್ಕಿಗೆ ಎಟುಕದು.

ದೃಶ್ಯ 3. ಕಾಗೆ ಒಣಗಿದ ಎಲೆ ಹಾಕುತ್ತದೆ. ತೇಲುತ್ತದೆ, ನೀರು ಏರಿದ್ದು ಕಾಣುವುದಿಲ್ಲ. ಕಲ್ಲು ಹಾಕುತ್ತದೆ. ಬುಳಕ್! ಕೂದಲೆಳೆಯಷ್ಟು ಏರಿತು. ಕಾಗೆ ಕತ್ತು ಓರೆ ಮಾಡಿ ನೋಡುತ್ತದೆ.

ದೃಶ್ಯ 4. ಕುಡಿಕೆ ಮಾತ್ರ. ಕಲ್ಲುಗಳು ಒಂದರ ಮೇಲೊಂದು ಬೀಳುತ್ತವೆ. ಮರದ ನೆರಳು ಉದ್ದವಾಗುತ್ತ ಹೋಗುತ್ತದೆ.

ದೃಶ್ಯ 5. ಕೊನೆಯ ಮೂರು ಕಲ್ಲು, ಒಂದೊಂದಾಗಿ. ನೀರು ಕಂಠಕ್ಕೆ. ಕಾಗೆ ಕುಡಿಯುತ್ತದೆ.

ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದರೂ ಒಂದೂವರೆ ನಿಮಿಷಕ್ಕೆ 1080 ಚಿತ್ರ ಬೇಕು. ಅದಕ್ಕೇ ಕಾಗೆಯನ್ನು ತಲೆ, ಕೊಕ್ಕು, ರೆಕ್ಕೆ, ಮೈ ಎಂದು ರಟ್ಟಿನಲ್ಲಿ ಕತ್ತರಿಸಿ, ಬೇಕಾದ ತುಂಡನ್ನಷ್ಟೇ ಸರಿಸುವುದು. ನಾಲ್ಕನೇ ದೃಶ್ಯದಲ್ಲಿ ಕಾಗೆಯೇ ಇಲ್ಲದಿರುವುದಕ್ಕೂ ಇದೇ ಕಾರಣ. ಹಕ್ಕಿ ಎಂಬತ್ತು ಸಲ ಹಾರುವುದನ್ನು ಬಿಡಿಸುವುದಕ್ಕಿಂತ ನೆರಳನ್ನು ಸರಿಸುವುದು ಸುಲಭ. ಹೊತ್ತು ಕಳೆದದ್ದು ಮಕ್ಕಳಿಗೆ ಅಷ್ಟರಲ್ಲೇ ತಿಳಿಯುತ್ತದೆ. ಮಾತು ಬೇಡವೆಂದೇ ತೀರ್ಮಾನ. ಕಲ್ಲು ನೀರಿಗೆ ಬೀಳುವ ಸದ್ದು ಕುಡಿಕೆ ತುಂಬಿದಂತೆ ಬದಲಾಗುವುದನ್ನು ಮಕ್ಕಳು ಕೇಳಬೇಕು.

ರಾತ್ರಿ ಈ ಕಥೆ ಹೇಳುವ ಅಜ್ಜಿ, ತಾತ, ಅಪ್ಪ, ಅಮ್ಮಂದಿರಲ್ಲಿ ಒಂದು ಕೋರಿಕೆ: ‘ತಳದಲ್ಲಿ ಸ್ವಲ್ಪ ನೀರಿತ್ತು’ ಎನ್ನಬೇಡಿ, ‘ಅರ್ಧ ಕುಡಿಕೆ ನೀರಿತ್ತು’ ಎನ್ನಿ. ಮರುದಿನ ಮಗು ಲೋಟ, ಕಲ್ಲು ಹಿಡಿದು ಕೂತರೆ ನೀರು ಮೇಲೆ ಬರುತ್ತದೆ.